ಚೈಲ್ಡ್ ಲಾಕ್ ಬಟನ್, ಪಟ್ಟಿ ಲಾಕ್, ಯುಟಿಲಿಟಿ ಬಾಗಿಲಿನ ಚಿಲಕ: ಮಗು, ಬೆಕ್ಕು ಇರುವ ಕರಾವಳಿ ಮನೆಗೆ ಯಾವುದು?

ಫ್ರಂಟ್‌ಲೋಡ್ ವಾಷಿಂಗ್ ಮೆಷಿನ್ ಇರುವ ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಒಂದು ಇಕ್ಕಟ್ಟು ಉಂಟು. ರಿಪೇರಿಗೆ ಬಂದವರು ಯಾರೇ ಆಗಲಿ, ಹೋಗುವಾಗ ಒಂದು ಮಾತು ಹೇಳಿಯೇ ಹೋಗುತ್ತಾರೆ: "ಒಗೆದಾದ ಮೇಲೆ ಬಾಗಿಲು ತೆರೆದೇ ಇಡಿ ಅಕ್ಕ, ಮುಚ್ಚಿಟ್ರೆ ಮಳೆಗಾಲದಲ್ಲಿ ಗ್ಯಾಸ್ಕೆಟ್ ಕಪ್ಪಾಗ್ತದೆ, ಬಟ್ಟೆಗೂ ವಾಸನೆ ಬರ್ತದೆ." ಮಾತು ನಿಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಈ ಊರಿನಲ್ಲಿ ಬಾಗಿಲ ಸುತ್ತಲಿನ ರಬ್ಬರ್ ಮಡಿಕೆಯೊಳಗೆ ನಿಂತ ನೀರು ತಾನಾಗಿ ಒಣಗುವುದಿಲ್ಲ. ಆದರೆ ಅದೇ ತೆರೆದ ಬಾಗಿಲು ಎರಡು ವರ್ಷದ ಮಗುವಿಗೆ ಅಡಗಿ ಕೂರುವ ಗೂಡು, ಬೆಕ್ಕಿಗೆ ಬೆಚ್ಚಗಿನ ಮಲಗುವ ಜಾಗ.

ಹೀಗಿರುವಾಗ ಹೆಚ್ಚಿನವರು ನಂಬುವುದು ಮೆಷಿನ್ನಿನ ಮೇಲಿರುವ ಚೈಲ್ಡ್ ಲಾಕ್ ಬಟನ್ನನ್ನು. ಅದನ್ನು ಒತ್ತಿದರೆ ಮಗು ಬಾಗಿಲು ತೆಗೆಯಲಾರದು ಎಂದುಕೊಳ್ಳುತ್ತಾರೆ. ಹೆಚ್ಚಿನ ಫ್ರಂಟ್‌ಲೋಡ್ ಮಾದರಿಗಳಲ್ಲಿ ಹಾಗಿಲ್ಲ. ಆ ಬಟನ್ ಹಿಡಿದಿಡುವುದು ಗುಂಡಿಗಳನ್ನು. ಬಾಗಿಲನ್ನು ಹಿಡಿದಿಡಲು ಬೇರೆಯದೇ ವ್ಯವಸ್ಥೆ ಬೇಕು. ಅದು ಯಾವುದು ಎನ್ನುವುದು ನಿಮ್ಮ ಮನೆಯಲ್ಲಿ ಮೆಷಿನ್ ಎಲ್ಲಿದೆ, ದಿನಾ ಅದನ್ನು ಬಳಸುವವರು ಯಾರು, ಮನೆಯಲ್ಲಿ ಇರುವುದು ಮಗುವೋ ಬೆಕ್ಕೋ ಎರಡೂವೋ ಎಂಬುದರ ಮೇಲೆ ಹೋಗುತ್ತದೆ.

ಬಟನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮೆಷಿನ್ ಓಡುತ್ತಿರುವಾಗ ಫ್ರಂಟ್‌ಲೋಡ್‌ನ ಬಾಗಿಲು ಹೇಗೂ ಬಿಗಿದೇ ಇರುತ್ತದೆ. ಅದು ಚೈಲ್ಡ್ ಲಾಕ್‌ನ ಕೆಲಸವಲ್ಲ. ಬಾಗಿಲಿನ ಚೌಕಟ್ಟಿನೊಳಗೆ ಒಂದು ಸಣ್ಣ ವಿದ್ಯುತ್ ಬೀಗ ಇದೆ, ಸ್ಟಾರ್ಟ್ ಒತ್ತಿದ ಕೂಡಲೇ "ಟಕ್" ಎಂದು ಕೇಳುವುದು ಅದೇ. ಹಲವು ಮೆಷಿನ್‌ಗಳಲ್ಲಿ ಈ ಬೀಗದೊಳಗೆ ಬಿಸಿಯಾದರೆ ಬಾಗುವ ಲೋಹದ ಪಟ್ಟಿ ಇರುತ್ತದೆ. ಮೆಷಿನ್ ನಿಂತ ಮೇಲೆ ಆ ಪಟ್ಟಿ ತಣಿಯಲು ಒಂದೆರಡು ನಿಮಿಷ ಬೇಕು, ಆಮೇಲೆಯೇ ಬಾಗಿಲು ಬಿಡುತ್ತದೆ. ಒಳಗೆ ನೀರು ಬಾಗಿಲ ಮಟ್ಟಕ್ಕಿಂತ ಮೇಲಿದ್ದರೆ ಅಥವಾ ತುಂಬಾ ಬಿಸಿಯಿದ್ದರೆ ಮೆಷಿನ್ ತಾನಾಗಿ ಬಾಗಿಲು ಬಿಡುವುದಿಲ್ಲ.

ಚೈಲ್ಡ್ ಲಾಕ್ ಹಾಕಿದರೆ ಮಗು ಕೈಯಾಡಿಸಿ ಪ್ರೋಗ್ರಾಂ ಬದಲಿಸುವುದು, ಬಿಸಿನೀರಿನ ಮಟ್ಟ ಏರಿಸುವುದು ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಉಪಯೋಗವಿದೆ. ಮೆಷಿನ್ ಸುಮ್ಮನಿರುವಾಗ ತಮ್ಮ ಒಳಗೆ ಹೋಗಿ ಕುಳಿತ, ಅಣ್ಣ ಬಾಗಿಲು ದೂಡಿ ಸ್ಟಾರ್ಟ್ ಒತ್ತಿದ ಎಂದುಕೊಳ್ಳಿ. ಲಾಕ್ ಇದ್ದರೆ ಮೆಷಿನ್ ಶುರುವಾಗುವುದಿಲ್ಲ. ಆದರೆ ಆ ಲಾಕ್ ಮೆಷಿನ್ ಆಫ್ ಮಾಡಿದ ಮೇಲೂ ಉಳಿಯುತ್ತದೆಯೇ ಎನ್ನುವುದು ಮಾದರಿಯಿಂದ ಮಾದರಿಗೆ ಬೇರೆ. ಎಲ್‌ಜಿ ಫ್ರಂಟ್‌ಲೋಡ್‌ಗಳಲ್ಲಿ ಚೈಲ್ಡ್ ಲಾಕ್ ಗುರುತಿನ ಗುಂಡಿಯನ್ನು 3 ಸೆಕೆಂಡು ಒತ್ತಿ ಹಿಡಿದರೆ ಪರದೆಯಲ್ಲಿ `CL` ಎಂದು ಬರುತ್ತದೆ. ಪವರ್ ಗುಂಡಿ ಬಿಟ್ಟು ಉಳಿದದ್ದೆಲ್ಲ ನಿಂತುಬಿಡುತ್ತದೆ, ಆಫ್ ಮಾಡಿದರೂ ಲಾಕ್ ಹೋಗುವುದಿಲ್ಲ. ನಿಮ್ಮದು ಬೇರೆ ಮಾದರಿಯಾದರೆ ಈಗಲೇ ಎದ್ದು ಹೋಗಿ ನೋಡಿ: ಲಾಕ್ ಹಾಕಿ, ಆಫ್ ಮಾಡಿ, ಮತ್ತೆ ಆನ್ ಮಾಡಿ ಸ್ಟಾರ್ಟ್ ಒತ್ತಿ. ಓಡಲು ಶುರುವಾದರೆ ನಿಮ್ಮ ಲಾಕ್ ಒಗೆತ ನಡೆಯುವಾಗ ಮಾತ್ರ ಕೆಲಸಕ್ಕೆ ಬರುವಂಥದ್ದು.

ಲಾಕ್ ಹಾಕಿದ ಮೆಷಿನ್ ಸುಮ್ಮನಿರುವಾಗ ಬಾಗಿಲು ಎಳೆದೂ ನೋಡಿ. ಬಹುತೇಕ ಮಾದರಿಗಳಲ್ಲಿ ತೆರೆದುಕೊಳ್ಳುತ್ತದೆ.

ಗೋಡೆಯ ಸ್ವಿಚ್ ಆಫ್ ಮಾಡುವ ಅಭ್ಯಾಸದ ಬಗ್ಗೆಯೂ ಇದೇ ಮಾತು. ಒಳ್ಳೆಯ ಅಭ್ಯಾಸ, ಬಿಡಬೇಡಿ. ಅದು ಮೆಷಿನ್ ಓಡುವುದನ್ನು ತಡೆಯುತ್ತದೆ. ಆದರೆ ಡ್ರಮ್ಮಿನೊಳಗೆ ಸಿಕ್ಕಿಕೊಂಡ ಮಗುವಿಗೆ ಅಪಾಯ ಬರಲು ಮೆಷಿನ್ ಓಡಲೇಬೇಕೆಂದಿಲ್ಲ. ನೀರು ಸೋರದಂತೆ ಮಾಡಿದ ಆ ರಬ್ಬರ್ ಗಾಳಿಯನ್ನೂ ಬಿಡುವುದಿಲ್ಲ, ಹಳೆಯ ಮಾದರಿಗಳ ಕೊಕ್ಕೆ ಒಳಗಿನಿಂದ ದೂಡಿದರೆ ತೆರೆಯುವಂಥದ್ದೂ ಅಲ್ಲ. ಜಪಾನಿನ ಒಸಾಕಾ ಬಳಿಯ ಸಕಾಯ್‌ನಲ್ಲಿ 2018ರ ಜನವರಿಯಲ್ಲಿ 5 ವರ್ಷದ ಮಗು ಮನೆಯ ಡ್ರಮ್ ಮೆಷಿನ್ನಿನೊಳಗೆ ಸಿಕ್ಕಿ ಸತ್ತಿತು. ಪ್ಲಗ್ ಕಿತ್ತಿಟ್ಟು ಮೂಲೆಗೆ ಸರಿಸಿದ ಹಳೆಯ ಮೆಷಿನ್ ನಿಮ್ಮ ಹಿತ್ತಿಲ ಕೊಟ್ಟಿಗೆಯಲ್ಲಿದ್ದರೆ ಅದರ ಬಾಗಿಲನ್ನು ಸ್ಕ್ರೂ ಬಿಚ್ಚಿ ತೆಗೆದೇಬಿಡಿ.

ಪಟ್ಟಿ ಲಾಕೋ, ಚಿಲಕವೋ

ಹಾಗಾದರೆ ಬಾಗಿಲಿಗೆ ಏನು? ನಿಜವಾಗಿ ಆರಿಸಬೇಕಾದದ್ದು ಎರಡರ ನಡುವೆ. ಒಂದು, ಮೆಷಿನ್ನಿಗೇ ಅಂಟಿಸುವ ಪಟ್ಟಿ ಲಾಕ್. ಇನ್ನೊಂದು, ಮೆಷಿನ್ ಇರುವ ಜಾಗದ ಬಾಗಿಲಿಗೇ ಎತ್ತರದಲ್ಲಿ ಚಿಲಕ.

ಪಟ್ಟಿ ಲಾಕ್ ಎಂದರೆ ಎರಡು ತುದಿಯಲ್ಲಿ ಅಂಟಿನ ಬಿಲ್ಲೆ, ನಡುವೆ ಬಾಗುವ ಪಟ್ಟಿ. ಒಂದು ಬಿಲ್ಲೆ ಮೆಷಿನ್ನಿನ ಮೈಗೆ, ಇನ್ನೊಂದು ಬಾಗಿಲಿಗೆ. ಫ್ರಿಜ್ಜಿಗೂ ಕಪಾಟಿಗೂ ಹಾಕುವುದು ಇದೇ. ಮೊದಲು ಹೇಳಿದ ಇಕ್ಕಟ್ಟಿಗೆ ಇದರಲ್ಲಿ ಒಂದು ದಾರಿ ಇದೆ, ಅದಕ್ಕೇ ನನಗೆ ಇದು ಇಷ್ಟ: ಪಟ್ಟಿಯನ್ನು ಸ್ವಲ್ಪ ಸಡಿಲವಾಗಿ ಹಾಕಿದರೆ ಬಾಗಿಲು ಎರಡು ಮೂರು ಸೆಂಟಿಮೀಟರ್ ತೆರೆದು ಅಲ್ಲಿಗೇ ನಿಲ್ಲುತ್ತದೆ. ಗಾಳಿ ಆಡುತ್ತದೆ, ಬೆಕ್ಕು ನುಸುಳುವುದಿಲ್ಲ, ಮಗುವಿಗೆ ತಲೆ ತೂರಿಸಲಾಗುವುದಿಲ್ಲ. ಕೈಬೆರಳು ಮಾತ್ರ ಹೋಗಬಹುದು. ಬಾಗಿಲು ದೂಡಿ ಬೆರಳು ಜಜ್ಜಿಕೊಳ್ಳುವ ವಯಸ್ಸಿನ ಮಗುವಿದ್ದರೆ ಆ ಸಂದಿಯಲ್ಲಿ ಮಡಚಿದ ಟವೆಲೊಂದನ್ನು ಸಿಕ್ಕಿಸಿಟ್ಟರೆ ಆಯಿತು.

ತೊಂದರೆ ಇರುವುದು ಅಂಟಿನಲ್ಲಿ. ಫ್ರಂಟ್‌ಲೋಡ್‌ನ ಬಾಗಿಲಿನ ಪ್ಲಾಸ್ಟಿಕ್ ಬಳೆ ಉಬ್ಬಿಕೊಂಡಿರುತ್ತದೆ, ಬಿಲ್ಲೆ ಪೂರ್ತಿ ಕೂರುವುದಿಲ್ಲ. ಮೇಲೆ ಸೋಪಿನ ಟ್ರೇಯಿಂದ ತೊಟ್ಟಿಕ್ಕುವ ನೀರು, ಸ್ಪಿನ್ ಆಗುವಾಗಿನ ನಡುಕ, ನಮ್ಮ ಊರಿನ ತೇವ. ಅಂಟಿಸುವ ಮೊದಲು ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ ಒಣಗಲು ಬಿಡಬೇಕು. ಸೋಪಿನ ಜಿಡ್ಡಿನ ಮೇಲೆ ಯಾವ ಅಂಟೂ ನಿಲ್ಲದು. ಬಿಲ್ಲೆಯನ್ನು ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದು, ಒಂದಿಡೀ ದಿನ ಪಟ್ಟಿ ಸಿಕ್ಕಿಸದೆ ಬಿಡಬೇಕು. ಆ ದಿನ ಬಟ್ಟೆ ಒಗೆಯುವುದೂ ಬೇಡ. ಜಾಗ ಆರಿಸುವಾಗ ಟ್ರೇಯ ಕೆಳಗೆ ಹಾಕದೆ, ಕೀಲು ಇರುವ ಕಡೆಗೆ ಎದುರಾಗಿ, ಹಿಡಿಯ ಪಕ್ಕದಲ್ಲಿ ಸಮತಟ್ಟು ಎಲ್ಲಿದೆ ನೋಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನಿಮ್ಮ ಕೈಯಿಂದಲೇ ಜೋರಾಗಿ ಎಳೆದು ಪರೀಕ್ಷಿಸಿ. ಬಿಲ್ಲೆಯ ಅಂಚು ಬಿಳಿಯಾಗಿ ಎದ್ದಿದ್ದರೆ ಅದು ಇನ್ನು ಹೆಚ್ಚು ದಿನ ಬಾಳದು. ಕಿತ್ತು ಹೊಸದು ಹಾಕಿ. ಕೀಳುವಾಗ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದರೆ ಮೆಷಿನ್ನಿನ ಬಣ್ಣ ಕಿತ್ತುಬರುವುದಿಲ್ಲ.

ಇನ್ನೊಂದು ಮಿತಿ ವಯಸ್ಸು. ಎರಡು ಗುಂಡಿ ಒಟ್ಟಿಗೆ ಒತ್ತಿ ತೆಗೆಯುವ ಪಟ್ಟಿಯನ್ನು ಒಂದೂವರೆ ಎರಡು ವರ್ಷದ ಮಗು ತೆಗೆಯುವುದು ಕಷ್ಟ. ನಾಲ್ಕರ ಹತ್ತಿರ ಬಂದ, ನೀವು ತೆಗೆಯುವುದನ್ನು ದಿನಾ ನೋಡುತ್ತಿರುವ ಮಗುವಿನ ಮುಂದೆ ಅದನ್ನು ನಂಬಬೇಡಿ.

ಎತ್ತರದ ಚಿಲಕದ ಗುಣವೆಂದರೆ ಅಂಟಿಲ್ಲ, ಕಲಿಯಬೇಕಾದದ್ದೇನೂ ಇಲ್ಲ. ಯುಟಿಲಿಟಿಯ ಬಾಗಿಲಿಗೆ ಅಡುಗೆಮನೆಯ ಕಡೆಯಿಂದ ನೆಲದಿಂದ ಸುಮಾರು ಐದಡಿ ಎತ್ತರದಲ್ಲಿ ಒಂದು ಚಿಲಕ ಹೊಡೆಸಿದರೆ ಮೆಷಿನ್, ಸೋಪಿನ ಪುಡಿ, ಬ್ಲೀಚ್, ಬಕೆಟ್‌ನ ನೀರು ಎಲ್ಲವೂ ಒಂದೇ ಏಟಿಗೆ ಮಗುವಿನಿಂದ ದೂರ. ಒಳಗೆ ಮೆಷಿನ್ನಿನ ಬಾಗಿಲು ಪೂರ್ತಿ ತೆರೆದೇ ಇರಲಿ, ಗ್ಯಾಸ್ಕೆಟ್ ಒಣಗಲಿ. ಆದರೆ ಮರದ ಬಾಗಿಲಾದರೆ ಆಟಿಯ ಮಳೆಗೆ ಉಬ್ಬಿ ಚಿಲಕ ತೂತಿಗೆ ಕೂರದೆ ಹೋಗುತ್ತದೆ, ಮನೆಯವರು "ಆಮೇಲೆ ನೋಡಿದರಾಯಿತು" ಎಂದು ಎರಡು ತಿಂಗಳು ಹಾಗೆಯೇ ಬಿಡುತ್ತಾರೆ. ಬಡಗಿಗೆ ಮೊದಲೇ ಹೇಳಿ ತೂತನ್ನು ಕೆಳಮೇಲಾಗಿ ಸ್ವಲ್ಪ ಉದ್ದ ಕೊರೆಸಿ. ಮತ್ತೆ, ಇದು ಬೆಕ್ಕಿಗೆ ಉಪಯೋಗವಿಲ್ಲ. ಯುಟಿಲಿಟಿಯ ಗ್ರಿಲ್ಲಿನಿಂದ ಪಕ್ಕದ ಮನೆಯ ಬೆಕ್ಕೂ ಬರುತ್ತದೆ. ಮೆಷಿನ್ ಹಿಂದಿನ ಜಗಲಿಯಲ್ಲೋ ಹೊರಗಿನ ಬಚ್ಚಲ ಪಕ್ಕದಲ್ಲೋ ಇರುವ ಉಡುಪಿಯ ಹಳ್ಳಿಮನೆಗಳಲ್ಲಿ ಚಿಲಕ ಹಾಕಲು ಬಾಗಿಲೇ ಇರುವುದಿಲ್ಲ. ಅಲ್ಲಿ ಪಟ್ಟಿಯೇ ಗತಿ.

ಬಿಜೈಯ ಒಂದು ಫ್ಲ್ಯಾಟಿನ ಲೆಕ್ಕ

ನನ್ನ ತಂಗಿಯ ಮನೆ ಮಂಗಳೂರಿನ ಬಿಜೈಯಲ್ಲಿ. ಎರಡು ವರ್ಷದ ಮಗ, ಒಂದು ಬೂದು ಬೆಕ್ಕು, ಅಡುಗೆಮನೆಗೆ ತಾಗಿದ ಯುಟಿಲಿಟಿಯಲ್ಲಿ ಫ್ರಂಟ್‌ಲೋಡ್. ಹಗಲು ಮೆಷಿನ್ ಹಾಕುವವರು ಅವಳ ಅತ್ತೆ. ಮೊದಲು ಪಟ್ಟಿ ಲಾಕ್ ಬಂತು. ಸಂದಿನೋವಿರುವ ಅತ್ತೆಯ ಬೆರಳಿಗೆ ಆ ಎರಡು ಗುಂಡಿ ಜಗ್ಗುತ್ತಲೇ ಇರಲಿಲ್ಲ. "ಇದನ್ನು ತೆಗೆಯುವಷ್ಟರಲ್ಲಿ ನನ್ನ ಉಗುರೇ ಹೋಗ್ತದೆ ಮಗಾ" ಎಂದು ಅವರು ಪಟ್ಟಿಯನ್ನು ಸಿಕ್ಕಿಸದೆ ನೇತುಬಿಡುತ್ತಿದ್ದರು. ಅವರದ್ದೇನೂ ತಪ್ಪಲ್ಲ. ದಿನಾ ಬಳಸುವವರ ಕೈಗೆ ಒಗ್ಗದ ಲಾಕ್ ಇದ್ದೂ ಇಲ್ಲದ ಹಾಗೆ. ಅಂಗಡಿಯಲ್ಲಿ ಪಟ್ಟಿ ಕೊಳ್ಳುವಾಗ ಅತ್ತೆಯನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಿ ಅವರ ಕೈಯಲ್ಲೇ ತೆಗೆಸಿ ನೋಡುವುದು ಒಳ್ಳೆಯದು.

ಕೊನೆಗೆ ಅವರು ಹಂಚಿಕೊಂಡದ್ದು ಹೀಗೆ. ಮಗುವಿಗಾಗಿ ಯುಟಿಲಿಟಿಯ ಬಾಗಿಲಿಗೆ ಎತ್ತರದ ಚಿಲಕ, ಅದು ಹಗಲಿಡೀ ಹಾಕಿಯೇ ಇರುತ್ತದೆ. ಬೆಕ್ಕಿಗಾಗಿ ಮೆಷಿನ್ನಿನ ಬಾಗಿಲಿಗೆ ಸರಳವಾದ ಒಂದೇ ಗುಂಡಿಯ ಪಟ್ಟಿ, ಮೂರು ಸೆಂಟಿಮೀಟರ್ ಸಡಿಲ ಬಿಟ್ಟು. ಬೆಕ್ಕಿಗೆ ಗುಂಡಿ ಒತ್ತಲು ಬರುವುದಿಲ್ಲವಾದ್ದರಿಂದ ಗಟ್ಟಿ ಲಾಕ್ ಬೇಕಾಗಿಲ್ಲ. ಪ್ರತಿ ಒಗೆತ ಮುಗಿದಾಗ ಅತ್ತೆ ಗ್ಯಾಸ್ಕೆಟ್‌ನ ಮಡಿಕೆಯನ್ನು ಹಳೆಯ ಹತ್ತಿ ಬಟ್ಟೆಯಿಂದ ಒರೆಸಿ, ಸೋಪಿನ ಟ್ರೇಯನ್ನು ಅರ್ಧ ಎಳೆದಿಡುತ್ತಾರೆ. ಮೇಲಿನ ಮಡಿಕೆ ಎಲ್ಲರೂ ಒರೆಸುತ್ತಾರೆ. ಕಪ್ಪು ಕೂರುವುದು ಕೆಳಗಿನ ಮಡಿಕೆಯಲ್ಲಿ, ನೀರು ಹೋಗುವ ಸಣ್ಣ ತೂತುಗಳ ಸುತ್ತ. ಅಲ್ಲಿ ಬೆರಳು ಹಾಕಿ ಒರೆಸಿದರೆ ಮೂರು ಸೆಂಟಿಮೀಟರ್ ಸಂದಿಯ ಗಾಳಿಯೇ ಸಾಕಾಗುತ್ತದೆ. ಚೈಲ್ಡ್ ಲಾಕ್ ಬಟನ್ನನ್ನು ಅವರು ಒಗೆತ ಮುಗಿದ ಮೇಲೂ ಹಾಕಿಡುತ್ತಾರೆ, ಅವರ ಮಾದರಿಯಲ್ಲಿ ಅದು ಉಳಿಯುತ್ತದೆ.

ಇನ್ನೊಂದು ಅಭ್ಯಾಸವನ್ನು ತಂಗಿ ಕಡ್ಡಾಯ ಮಾಡಿದ್ದಾಳೆ. ಬಟ್ಟೆ ಹಾಕಿ ಬಾಗಿಲು ಮುಚ್ಚುವ ಮೊದಲು ಡ್ರಮ್ಮಿನ ಹಿಂಬದಿಯವರೆಗೆ ಕೈಹಾಕಿ ತಡವುವುದು. ಕಣ್ಣಿನಿಂದ ನೋಡಿದರೆ ಸಾಲದು. ಬೆಕ್ಕು ಬೆಡ್‌ಶೀಟಿನ ಮಡಿಕೆಯೊಳಗೆ ಹೊಕ್ಕು ಮಲಗಿದರೆ ಕಾಣುವುದಿಲ್ಲ. ಮೆಷಿನ್ ಸುರಕ್ಷತೆಯ ಯಾವ ಲಾಕೂ ಬೆಕ್ಕನ್ನು ಗುರುತಿಸುವುದಿಲ್ಲ, ಮೂರು ಕೆಜಿ ಒದ್ದೆ ಬಟ್ಟೆ ಎಂದೇ ತಿಳಿಯುತ್ತದೆ.

ಒಳಗೆ ಯಾರಾದರೂ ಸಿಕ್ಕಿಕೊಂಡು ಮೆಷಿನ್ ಶುರುವಾಗಿಬಿಟ್ಟರೆ ಬಾಗಿಲು ಎಳೆಯುತ್ತ ನಿಲ್ಲಬಾರದು. ಚೈಲ್ಡ್ ಲಾಕ್ ಹಾಕಿದ್ದರೆ ಪಾಜ್ ಗುಂಡಿಯೂ ಕೇಳುವುದಿಲ್ಲ. ಮೊದಲು ಗೋಡೆಯ ಸ್ವಿಚ್. ಆಮೇಲೆ ಮೆಷಿನ್ನಿನ ಕೆಳಗೆ ಮುಂಭಾಗದಲ್ಲಿರುವ ಸಣ್ಣ ಮುಚ್ಚಳ ತೆಗೆಯಿರಿ. ಅಲ್ಲಿ ಪಂಪಿನ ಫಿಲ್ಟರ್ ಇದೆ, ಅನೇಕ ಮಾದರಿಗಳಲ್ಲಿ ಅದರ ಪಕ್ಕದಲ್ಲೇ ನೀರು ಬಿಡುವ ಸಣ್ಣ ಕೊಳವೆ, ಬಾಗಿಲು ಬಿಡಿಸುವ ತುರ್ತು ಎಳೆಪಟ್ಟಿ ಎರಡೂ ಇರುತ್ತವೆ. ನೆಲಕ್ಕೆ ನೀರು ಹರಿಯಲಿ, ಪಟ್ಟಿ ಎಳೆದರೆ ಬಾಗಿಲು ಬಿಡುತ್ತದೆ. ಬಿಸಿನೀರಿನ ಪ್ರೋಗ್ರಾಂ ಆಗಿದ್ದರೆ ಕೈ ಜೋಪಾನ. ಆ ಎಳೆಪಟ್ಟಿ ನಿಮ್ಮ ಮೆಷಿನ್ನಿನಲ್ಲಿ ಎಲ್ಲಿದೆ ಎಂದು ಖಾಲಿ ಇರುವಾಗ ಹುಡುಕಿ, ಒಮ್ಮೆ ಎಳೆದೂ ನೋಡಿ. ಅತ್ತೆಗೂ ತೋರಿಸಿ. ಆ ಹೊತ್ತಿಗೆ ಮನೆಯಲ್ಲಿರುವವರು ಅವರೇ.

ಇನ್ನೂ ಮೆಷಿನ್ ಕೊಳ್ಳದವರಿಗೆ: ಟಾಪ್‌ಲೋಡ್, ಸೆಮಿ

ಟಾಪ್‌ಲೋಡ್‌ನಲ್ಲಿ ಅಪಾಯದ ಬಗೆಯೇ ಬೇರೆ. ಮಗು ಒಳಗೆ ಹೊಕ್ಕು ಬಾಗಿಲು ಮುಚ್ಚಿಕೊಳ್ಳುವ ಭಯ ಕಡಿಮೆ, ನೀರಿನ ಭಯ ಹೆಚ್ಚು. 2023ರ ಫೆಬ್ರವರಿಯಲ್ಲಿ ದೆಹಲಿಯಿಂದ ಸುದ್ದಿಯಾಗಿತ್ತು, ಒಂದೂವರೆ ವರ್ಷದ ಮಗು ಮುಚ್ಚಳ ತೆರೆದ ಟಾಪ್‌ಲೋಡ್‌ನ ಸೋಪಿನ ನೀರಿಗೆ ಬಿದ್ದು, ಬಹಳ ದಿನ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡಿತು. ಈ ವಯಸ್ಸಿನಲ್ಲಿ ತಲೆಯೇ ಭಾರ. ಸ್ಟೂಲಿನ ಮೇಲೆ ಹತ್ತಿ ಬಗ್ಗಿದರೆ ತಲೆಕೆಳಗಾಗಿ ಹೋಗುತ್ತದೆ, ತಿರುಗಿ ಏಳಲು ಆಗುವುದಿಲ್ಲ. ಹೀಗಾಗಿ ಟಾಪ್‌ಲೋಡ್ ಪಕ್ಕದಲ್ಲಿ ಸ್ಟೂಲ್, ಬಕೆಟ್, ಬಟ್ಟೆಯ ಬುಟ್ಟಿ ಯಾವುದೂ ಇರಬಾರದು.

ಆದರೆ ಇಲ್ಲಿ ಚೈಲ್ಡ್ ಲಾಕ್‌ಗೆ ಫ್ರಂಟ್‌ಲೋಡ್‌ಗಿಂತ ಹೆಚ್ಚಿನ ಬೆಲೆ ಇದೆ. ಕೆಲವು ಪೂರ್ತಿ ಆಟೋಮ್ಯಾಟಿಕ್ ಟಾಪ್‌ಲೋಡ್‌ಗಳಲ್ಲಿ ಲಾಕ್ ಹಾಕಿದ ಮೇಲೆ ಒಗೆತದ ನಡುವೆ ಮುಚ್ಚಳ ತೆರೆದರೆ ಜೋರಾಗಿ ಕೂಗಿ ನೀರನ್ನು ಹೊರಬಿಟ್ಟುಬಿಡುತ್ತದೆ. ಕೊಳ್ಳುವಾಗ ಅಂಗಡಿಯವರಿಗೆ "ಚೈಲ್ಡ್ ಲಾಕ್ ಉಂಟಾ?" ಎಂದು ಕೇಳಿದರೆ ಎಲ್ಲದಕ್ಕೂ ಉಂಟು ಎನ್ನುತ್ತಾರೆ. "ಲಾಕ್ ಹಾಕಿ ಮುಚ್ಚಳ ತೆರೆದರೆ ಏನಾಗ್ತದೆ?" ಎಂದು ಕೇಳಿ, ಕೈಪಿಡಿಯಲ್ಲಿ ತೋರಿಸಲು ಹೇಳಿ.

ಸಣ್ಣ ಮಗುವಿರುವ ಮನೆಗೆ ಸೆಮಿ ಆಟೋಮ್ಯಾಟಿಕ್ ಬೇಡ ಎನ್ನುವುದು ನನ್ನ ಅಭಿಪ್ರಾಯ. ಬಟ್ಟೆ ನೆನೆಹಾಕಿ ಗಂಟೆಗಟ್ಟಲೆ ನೀರು ತುಂಬಿಡುವುದು ಅದರಲ್ಲಿ ಮಾಮೂಲು. ಅದಕ್ಕಿಂತ ಕೆಟ್ಟದ್ದು ಹಿಂಡುವ ತೊಟ್ಟಿ. ಅದರ ಮುಚ್ಚಳ ತೆರೆದಾಗ ಒಂದು ತಂತಿ ಸಡಿಲವಾಗಿ ಬ್ರೇಕ್ ಹಿಡಿಯಬೇಕು. ಉಪ್ಪುಗಾಳಿಗೆ ಆ ತಂತಿ ತುಕ್ಕು ಹಿಡಿದರೆ, ಬ್ರೇಕ್ ಸವೆದರೆ ಮುಚ್ಚಳ ತೆರೆದ ಮೇಲೂ ತೊಟ್ಟಿ ತಿರುಗುತ್ತಲೇ ಇರುತ್ತದೆ. ಅದರೊಳಗೆ ಕೈ ಹಾಕಿದ ಮಗುವಿನ ತೋಳಿಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತದೆ. ಈಗಾಗಲೇ ಇದ್ದರೆ ಹಿಂಡುವಾಗ ಮುಚ್ಚಳ ಎತ್ತಿ ದೂರದಿಂದ ನೋಡಿ. ಕೆಲವೇ ಸೆಕೆಂಡುಗಳಲ್ಲಿ ನಿಲ್ಲಬೇಕು. ನಿಧಾನಕ್ಕೆ ತಾನಾಗಿ ತಿರುಗಿ ನಿಲ್ಲುತ್ತಿದ್ದರೆ ಬ್ರೇಕ್ ಹೋಗಿದೆ, ಸರಿಯಾಗುವವರೆಗೆ ಆ ತೊಟ್ಟಿ ಬಳಸಬೇಡಿ.

ಕರೆಂಟ್ ಹೋದಾಗಲೂ ಎಚ್ಚರ ಬೇಕು. ಮೆಸ್ಕಾಂನ ಮಳೆಗಾಲ ನಮಗೆಲ್ಲ ಗೊತ್ತಿದ್ದದ್ದೇ. ಬಿಸಿಯಿಂದ ಬಾಗುವ ಪಟ್ಟಿಯ ಬೀಗವಿರುವ ಫ್ರಂಟ್‌ಲೋಡ್‌ನಲ್ಲಿ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಬಾಗಿಲು ಸಡಿಲವಾಗುತ್ತದೆ, ಕರೆಂಟ್ ಬಂದ ಕೂಡಲೇ ಹಲವು ಮೆಷಿನ್‌ಗಳು ಬಿಟ್ಟಲ್ಲಿಂದ ತಾವಾಗಿ ಮುಂದುವರಿಯುತ್ತವೆ. ಒಗೆತದ ನಡುವೆ ಕರೆಂಟ್ ಹೋದರೆ ಗೋಡೆಯ ಸ್ವಿಚ್ ಆಫ್ ಮಾಡಿಡಿ, ಬಂದ ಮೇಲೆ ನೀವೇ ನಿಂತು ಆನ್ ಮಾಡಿ.

ಡಿಶ್‌ವಾಶರ್‌ಗೆ ಪಟ್ಟಿ ಲಾಕ್ ಸಾಕು, ಪುಡಿಗೆ ಸಾಲದು

ಡಿಶ್‌ವಾಶರ್‌ನಲ್ಲಿ ಆಯ್ಕೆ ಸುಲಭ. ಅದರ ಬಾಗಿಲು ಸಮತಟ್ಟು, ನಡುಕವೂ ಕಡಿಮೆ. ವಾಷಿಂಗ್ ಮೆಷಿನ್ನಿನಲ್ಲಿ ಕಿತ್ತುಬರುವ ಅದೇ ಪಟ್ಟಿ ಲಾಕ್ ಇಲ್ಲಿ ಚೆನ್ನಾಗಿ ಕೂರುತ್ತದೆ. ಡಿಶ್‌ವಾಶರ್‌ನ ಬಾಗಿಲಿಗೆ ಓಡುವಾಗಲೂ ಬೀಗವಿರುವುದು ಕಡಿಮೆ, ಎಳೆದರೆ ತೊಳೆಯುವುದು ನಿಂತು ಬಿಸಿ ಹಬೆ ಮುಖಕ್ಕೆ ಬರುತ್ತದೆ. ಹಾಗಾಗಿ ಪಟ್ಟಿ ಬೇಕೇ ಬೇಕು. ಕೊನೆಯಲ್ಲಿ ಒಣಗಲೆಂದು ಬಾಗಿಲು ತಾನಾಗಿ ತೆರೆಯುವ ಮಾದರಿಯಾದರೆ, ಅಂಬೆಗಾಲಿಡುವ ಮಗುವಿರುವಷ್ಟು ಕಾಲ ಸೆಟ್ಟಿಂಗ್‌ನಲ್ಲಿ ಅದನ್ನು ನಿಲ್ಲಿಸಿಡಿ. ಪಟ್ಟಿ ಹಾಕಿದ್ದರೆ ಆ ತೆರೆಯುವ ಯಂತ್ರಕ್ಕೂ ತೊಂದರೆ.

ಕೆಳಮುಖವಾಗಿ ತೆರೆಯುವ ಆ ಬಾಗಿಲು ಮಗುವಿಗೆ ಒಳ್ಳೆಯ ಮೆಟ್ಟಿಲು. ಮೇಲೆ ಹತ್ತಿ ನಿಂತರೆ, ಪಾತ್ರೆ ತುಂಬಿದ ಎರಡೂ ಟ್ರೇ ಹೊರಗಿದ್ದರೆ, ಬಿಡಿಯಾಗಿ ನಿಲ್ಲಿಸಿದ ಮೆಷಿನ್ ಮುಂದಕ್ಕೆ ವಾಲುತ್ತದೆ. ನಮ್ಮ ಅಡುಗೆಮನೆಗಳ ಗ್ರಾನೈಟ್ ಹಲಗೆಗೆ ಕೆಳಗಿನಿಂದ ಸ್ಕ್ರೂ ಹೊಡೆಯಲಾಗುವುದಿಲ್ಲ, ಪಕ್ಕದ ಕಪಾಟಿನ ಮರಕ್ಕೆ ಪಟ್ಟಿ ಕೊಟ್ಟು ಬಿಗಿಸಲು ಫಿಟ್ಟಿಂಗ್‌ಗೆ ಬಂದವರಿಗೆ ಹೇಳಿ.

ಆದರೆ ಡಿಶ್‌ವಾಶರ್‌ನ ನಿಜವಾದ ಅಪಾಯ ಪುಡಿ, ಮಾತ್ರೆ. ಪಾತ್ರೆ ತೊಳೆಯುವ ಸೋಪಿನ ಹಾಗಲ್ಲ ಅದು, ತೀವ್ರ ಕ್ಷಾರ. ಬಾಯಿಗೆ ಹೋದರೆ ನಾಲಗೆ, ಗಂಟಲು, ಅನ್ನನಾಳ ಸುಡುತ್ತದೆ. ಬಣ್ಣಬಣ್ಣದ ಮಾತ್ರೆ ಮಗುವಿಗೆ ಪೆಪ್ಪರ್‌ಮಿಂಟಿನಂತೆ ಕಾಣುತ್ತದೆ. ಬಟ್ಟೆ ಒಗೆಯುವ ದ್ರವ ತುಂಬಿದ ಕ್ಯಾಪ್ಸೂಲ್‌ಗಳೂ ಹಾಗೆಯೇ, ಒದ್ದೆ ಕೈ ತಗುಲಿದರೆ ಸಾಕು, ಪೊರೆ ಕರಗಿ ಕಣ್ಣಿಗೆ ಚಿಮ್ಮುತ್ತದೆ. ರಾತ್ರಿ ಊಟದ ಪಾತ್ರೆ ಸೇರಿಸುತ್ತ ಹೋಗಿ ಕೊನೆಗೆ ಓಡಿಸುವ ಮನೆಯಲ್ಲಿ ಪುಡಿಯನ್ನು ಮಧ್ಯಾಹ್ನವೇ ಹಾಕಿಡುತ್ತಾರೆ. ಅದು ಬೇಡ. ಬಾಗಿಲು ಮುಚ್ಚಿ ಸ್ಟಾರ್ಟ್ ಒತ್ತುವ ಕ್ಷಣಕ್ಕೆ ಹಾಕಿ, ಡಬ್ಬಿಯನ್ನು ಮೇಲಿನ ಕಪಾಟಿಗೆ ಇಟ್ಟ ಮೇಲೆಯೇ ಕೈ ತೊಳೆಯಿರಿ. ಪಾತ್ರೆ ತೆಗೆಯುವಾಗ ಪುಡಿಯ ಗುಳಿಯಲ್ಲಿ ಗಟ್ಟಿಕಟ್ಟಿದ ಉಳಿಕೆ ಇದೆಯೇ ನೋಡಿ ಒರೆಸಿ. ಚಾಕುಗಳ ತುದಿ ಯಾವಾಗಲೂ ಕೆಳಕ್ಕೆ.

ಮಗು ಪುಡಿ ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಬೇಡಿ, ಸುಟ್ಟ ಗಂಟಲು ಎರಡನೇ ಸಲ ಸುಡುತ್ತದೆ. ಬಾಯಿಯಲ್ಲಿ ಉಳಿದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು, ಮಗು ನುಂಗಬಲ್ಲದಾದರೆ ಒಂದೆರಡು ಗುಟುಕು ನೀರು ಕೊಡಿ. ಕಣ್ಣಿಗೆ ಬಿದ್ದರೆ ನಲ್ಲಿಯ ಸಣ್ಣ ಧಾರೆಯಲ್ಲಿ ಕನಿಷ್ಠ 15 ನಿಮಿಷ ತೊಳೆಯಿರಿ. ಆಮೇಲೆ 108ಕ್ಕೆ ಕರೆ ಮಾಡಿ ಇಲ್ಲವೇ ಸೀದಾ ಹತ್ತಿರದ ದೊಡ್ಡ ಆಸ್ಪತ್ರೆಗೆ, ಪುಡಿಯ ಪೊಟ್ಟಣವನ್ನೂ ಜೊತೆಗೆ ತೆಗೆದುಕೊಂಡು. ಮಗು ಅಳು ನಿಲ್ಲಿಸಿ ಆಡತೊಡಗಿದರೂ ಹೋಗಿ ತೋರಿಸಿ, ಕ್ಷಾರದ ಸುಟ್ಟಗಾಯ ತುಟಿಯ ಮೇಲೆ ಏನೂ ಕಾಣದೆ ಅನ್ನನಾಳದಲ್ಲಿ ಆಗಿರಬಹುದು.